ವಿದ್ಯಾರ್ಥಿಗಳ ಪಿಜಿಗೆ ಕ್ಯಾಪ್ಶನ್ ಬರೆಯುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಈ ಪುಟ ಪಿಜಿ ನಡೆಸುವವರಿಗೆ. ಫೋಟೊ ತೆಗೆದಾಯ್ತು, ಅದರ ಕೆಳಗೆ ಏನು ಬರೆಯಬೇಕು ಅನ್ನುವಲ್ಲಿ ಬಹಳಷ್ಟು ಜನ ನಿಂತುಬಿಡುತ್ತಾರೆ. ಕೊನೆಗೆ ‘ಮನೆಯಂಥ ವಾತಾವರಣ, ರುಚಿಯಾದ ಊಟ, ಕಾಲೇಜಿಗೆ ಹತ್ತಿರ’ ಅಂತ ಬರೆದು ಮುಗಿಸುತ್ತಾರೆ. ಆ ಮೂರು ಮಾತನ್ನು ಎಲ್ಲರೂ ಬರೆಯುವುದರಿಂದ ಓದುವವರಿಗೆ ಅದರಿಂದ ಏನೂ ತಿಳಿಯುವುದಿಲ್ಲ. ಒಳ್ಳೆಯ ಕ್ಯಾಪ್ಶನ್ ಓದಿದ ಮೇಲೆ ವಿದ್ಯಾರ್ಥಿಯ ಮನೆಯವರಿಗೆ ಎರಡು ವಿಷಯ ಗೊತ್ತಾಗಬೇಕು: ಮೊದಲ ದಿನ ಕೈಯಲ್ಲಿ ಎಷ್ಟು ಹಣ ಇರಬೇಕು, ಆಮೇಲೆ ಮಗುವಿನ ದಿನ ಹೇಗೆ ಸಾಗುತ್ತದೆ.

ಉತ್ತರಗಳು ಸ್ಪಷ್ಟವಾಗಲಿ ಅಂತ ಒಂದು ಮನೆಯನ್ನು ಊಹಿಸಿಕೊಳ್ಳೋಣ. ಮೈಸೂರಿನ ಸರಸ್ವತಿಪುರಂನಲ್ಲಿ ಒಂದು ಹೆಣ್ಣುಮಕ್ಕಳ ಪಿಜಿ. ನಾಲ್ಕು ರೂಮು, ಎರಡರಲ್ಲಿ ಮೂವರು, ಎರಡರಲ್ಲಿ ಇಬ್ಬರು. ನಡೆಸುವವರು ಕೆಳಗಿನ ಮನೆಯಲ್ಲೇ ಇದ್ದಾರೆ. ಇಲ್ಲಿ ಕೊಟ್ಟಿರುವ ಬಾಡಿಗೆ, ದೂರ, ಸಮಯ ಎಲ್ಲ ಆ ಊಹೆಯ ಮನೆಯದ್ದು. ನಿಮ್ಮ ಮನೆಯ ಲೆಕ್ಕ ನೀವೇ ಹಾಕಬೇಕು.

ಮೊದಲ ಸಾಲಿನಲ್ಲಿ ಏನು ಬರೆಯಬೇಕು?

ಯಾರಿಗೆ, ಎಲ್ಲಿ, ಎಷ್ಟು. ಈ ಮೂರೇ. ಫೋನಿನಲ್ಲಿ ಫೋಟೊದ ಕೆಳಗೆ ಒಂದೆರಡು ಸಾಲು ಮಾತ್ರ ಕಾಣುತ್ತದೆ. ಉಳಿದದ್ದು ಒತ್ತಿದರೆ ತೆರೆದುಕೊಳ್ಳುತ್ತದೆ. ಆ ಎರಡು ಸಾಲನ್ನು ‘ನಮಸ್ಕಾರ, ನಮ್ಮ ಪಿಜಿಗೆ ಸ್ವಾಗತ’ ಅನ್ನುವುದಕ್ಕೆ ಕೊಟ್ಟರೆ ಜಾಗ ಅಲ್ಲೇ ಮುಗಿಯಿತು.

ನಮ್ಮ ಮನೆಗೆ ಮೊದಲ ಸಾಲು ಹೀಗಿರಬಹುದು: ‘ವಿದ್ಯಾರ್ಥಿನಿಯರಿಗೆ ಪಿಜಿ, ಸರಸ್ವತಿಪುರಂ. ಮೂವರ ರೂಮಿನಲ್ಲಿ ಒಬ್ಬರಿಗೆ ತಿಂಗಳಿಗೆ 6,200 ರೂಪಾಯಿ, ಊಟ ಸೇರಿ.’ ಹುಡುಗರಿಗೆ ಹುಡುಕುತ್ತಿರುವವರು ಇಲ್ಲೇ ಮುಂದೆ ಹೋಗುತ್ತಾರೆ. ಐದು ಸಾವಿರದೊಳಗೆ ಬೇಕು ಅನ್ನುವವರೂ ಹೋಗುತ್ತಾರೆ. ಅದು ನಷ್ಟ ಅಲ್ಲ. ಅವರು ಹೇಗೂ ಸೇರುತ್ತಿರಲಿಲ್ಲ, ಫೋನ್ ಮಾತ್ರ ಮಾಡುತ್ತಿದ್ದರು.

ಬಾಡಿಗೆ ಬರೆಯಲೇಬೇಕಾ? ಫೋನ್ ಮಾಡಿದಾಗ ಹೇಳಿದರೆ ಸಾಲದಾ?

ಬರೆಯಲೇಬೇಕು ಅಂತ ನನ್ನ ಖಚಿತ ಅಭಿಪ್ರಾಯ. ‘ವಿವರಕ್ಕೆ ಕರೆ ಮಾಡಿ’ ಅಂತ ಬರೆದರೆ ಬರುವ ಕರೆಗಳಲ್ಲಿ ಮೊದಲ ಪ್ರಶ್ನೆಯೇ ‘ಎಷ್ಟು?’ ಅಂತ ಇರುತ್ತದೆ. ಉತ್ತರ ಕೇಳಿ ಹೆಚ್ಚಿನವರು ‘ಆಯ್ತು, ಮನೆಯಲ್ಲಿ ಕೇಳಿ ಹೇಳ್ತೀವಿ’ ಅಂತ ಇಡುತ್ತಾರೆ. ಇನ್ನೊಂದು ಕಡೆಯಿಂದ ನೋಡಿ. ಹಾಸನದಲ್ಲೋ ಚಾಮರಾಜನಗರದಲ್ಲೋ ಕೂತ ಒಬ್ಬ ತಂದೆ ಒಂದೇ ಸಂಜೆ ಹತ್ತಾರು ಪಿಜಿ ನೋಡುತ್ತಿರುತ್ತಾರೆ. ಬೆಲೆ ಬರೆಯದ ಕಡೆ ಅವರಿಗೆ ಹೋಲಿಸಿ ನೋಡಲು ಏನೂ ಸಿಗುವುದಿಲ್ಲ. ಹಾಗಾಗಿ ಬೆಲೆ ಬರೆದವರಿಗೇ ಮೊದಲು ಫೋನ್ ಮಾಡುತ್ತಾರೆ.

ಪಕ್ಕದ ಪಿಜಿಯವರು ನೋಡಿ ನೂರು ರೂಪಾಯಿ ಕಡಿಮೆ ಮಾಡುತ್ತಾರೆ ಅನ್ನುವ ಭಯ ಕೆಲವರಿಗಿದೆ. ಅವರಿಗೆ ನಿಮ್ಮ ಬಾಡಿಗೆ ಈಗಾಗಲೇ ಗೊತ್ತಿರುತ್ತದೆ. ಬೀದಿಯಲ್ಲಿ ಅದೇನು ಗುಟ್ಟಲ್ಲ.

‘4,999 ರೂಪಾಯಿಂದ ಶುರು’ ಅಂತ ಬರೆಯಬಹುದಾ?

ಆ ಬೆಲೆಯ ಬೆಡ್ ಈಗ ಖಾಲಿ ಇದ್ದರೆ ಬರೆಯಿರಿ. ಇಲ್ಲದಿದ್ದರೆ ಬೇಡ.

ಈ ರೀತಿ ಬರೆದಲ್ಲಿ ಸಾಮಾನ್ಯವಾಗಿ ಏನಿರುತ್ತದೆ ಅಂತ ಬಿಡಿಸಿ ನೋಡೋಣ. 4,999 ಅನ್ನುವುದು ನಾಲ್ವರ ರೂಮಿನ ಬಾಡಿಗೆ ಮಾತ್ರ. ಊಟಕ್ಕೆ ಬೇರೆ 1,200. ಮೇಂಟೆನೆನ್ಸ್ 300. ವೈಫೈ 200. ಒಟ್ಟು 6,699 ಆಯಿತು. ನಮ್ಮ ಮನೆಯ 6,200ಕ್ಕಿಂತ ಇದು ಜಾಸ್ತಿ, ಅದೂ ರೂಮಿನಲ್ಲಿ ಒಬ್ಬರು ಹೆಚ್ಚಿಗೆ ಇದ್ದುಕೊಂಡು. ಬ್ಯಾಗು ಹಿಡಿದು ಊರಿಂದ ಬಂದ ಹುಡುಗಿಗೆ ಇದು ಬಾಗಿಲಲ್ಲಿ ಗೊತ್ತಾದರೆ ಅವಳ ಅಮ್ಮ ನಿಮ್ಮ ಮುಂದಿನ ಯಾವ ಮಾತನ್ನೂ ನಂಬುವುದಿಲ್ಲ.

ಆದ್ದರಿಂದ ಪ್ರತಿ ತಿಂಗಳು ಕೊಡಲೇಬೇಕಾದ ಎಲ್ಲವನ್ನೂ ಸೇರಿಸಿ ಒಂದೇ ಮೊತ್ತ ಬರೆಯಿರಿ. ಸೇರಿಸಲು ಆಗದ್ದು ಸಾಮಾನ್ಯವಾಗಿ ಕರೆಂಟ್ ಬಿಲ್ ಒಂದೇ. ಅದನ್ನು ಪಕ್ಕದಲ್ಲೇ ಹೇಳಿ. ಎಷ್ಟು ಜನರ ರೂಮು ಅನ್ನುವುದೂ ಮೊತ್ತದ ಪಕ್ಕದಲ್ಲೇ ಇರಬೇಕು. ‘ಮೂವರ ರೂಮು 6,200, ಇಬ್ಬರ ರೂಮು 7,400’ ಅಂದರೆ ಮುಗಿಯಿತು.

ಅಡ್ವಾನ್ಸ್ ಬಗ್ಗೆ ಎಷ್ಟು ವಿವರ ಬೇಕು?

ಜಗಳ ಹುಟ್ಟುವ ಜಾಗ ಇದೇ. ಹಾಗಾಗಿ ಬೇರೆ ಎಲ್ಲಕ್ಕಿಂತ ಇಲ್ಲಿ ಜಾಸ್ತಿ ಸ್ಪಷ್ಟವಾಗಿರಿ. ಎಷ್ಟು ಅಡ್ವಾನ್ಸ್, ಬಿಡುವಾಗ ಎಷ್ಟು ಹಿಡಿದುಕೊಳ್ಳುತ್ತೀರಿ, ಎಷ್ಟು ದಿನ ಮುಂಚೆ ಹೇಳಬೇಕು, ಉಳಿದ ಹಣ ಯಾವಾಗ ವಾಪಸ್. ಈ ನಾಲ್ಕೂ ಕ್ಯಾಪ್ಶನ್‌ನಲ್ಲಿ ಇರಲಿ.

ನಮ್ಮ ಮನೆಯಲ್ಲಿ ಅಡ್ವಾನ್ಸ್ 10,000. ಬಿಡುವಾಗ ಬಣ್ಣ, ಸ್ವಚ್ಛತೆಗೆ ಅಂತ 1,500 ಹಿಡಿಯುತ್ತಾರೆ. 30 ದಿನ ಮುಂಚೆ ಹೇಳಬೇಕು. ಈಗ ಒಬ್ಬ ಹುಡುಗಿ ಆಗಸ್ಟ್ 18ಕ್ಕೆ ಮೂವರ ರೂಮಿಗೆ ಸೇರುತ್ತಾಳೆ ಅಂದುಕೊಳ್ಳಿ. ಆಗಸ್ಟ್‌ನಲ್ಲಿ 31 ದಿನ, 6,200ನ್ನು ಭಾಗಿಸಿದರೆ ದಿನಕ್ಕೆ 200. ಹದಿನೆಂಟರಿಂದ ಮೂವತ್ತೊಂದರವರೆಗೆ, ಎರಡೂ ದಿನ ಸೇರಿ, 14 ದಿನ. ಬಾಡಿಗೆ 2,800. ಅಡ್ವಾನ್ಸ್ ಸೇರಿ ಮೊದಲ ದಿನ 12,800 ರೂಪಾಯಿ ಬೇಕು. ಸೆಪ್ಟೆಂಬರ್ 5ರೊಳಗೆ ಮತ್ತೆ 6,200. ಮುಂದಿನ ವರ್ಷ ಒಂದು ತಿಂಗಳು ಮುಂಚೆ ಹೇಳಿ ಬಿಟ್ಟರೆ 8,500 ಕೈಗೆ ವಾಪಸ್.

ಇಷ್ಟನ್ನೂ ಕ್ಯಾಪ್ಶನ್‌ಗೆ ತುಂಬಬೇಕಿಲ್ಲ. ‘ತಿಂಗಳ ಮಧ್ಯೆ ಸೇರಿದರೆ ಉಳಿದ ದಿನಗಳಿಗೆ ಮಾತ್ರ ಬಾಡಿಗೆ’ ಅನ್ನುವ ಒಂದು ಸಾಲು ಸಾಕು. ಕೆಲವು ಮನೆಗಳಲ್ಲಿ ಯಾವ ದಿನ ಸೇರಿದರೂ ಪೂರ್ತಿ ತಿಂಗಳ ಬಾಡಿಗೆ ತೆಗೆದುಕೊಳ್ಳುತ್ತಾರೆ. ನಿಮ್ಮದೂ ಹಾಗೇ ಇದ್ದರೆ ಅದನ್ನೇ ಬರೆಯಿರಿ. ಆಗ ಹುಡುಗಿ ಒಂದನೇ ತಾರೀಖಿಗೆ ಸೇರುವ ಹಾಗೆ ಹೊಂದಿಸಿಕೊಳ್ಳುತ್ತಾಳೆ.

‘ಅಡ್ವಾನ್ಸ್ ವಾಪಸ್ ಕೊಡಲಾಗುತ್ತದೆ’ ಅಂತಷ್ಟೇ ಬರೆದು 1,500 ಹಿಡಿಯುವ ವಿಷಯ ಬಿಡಬೇಡಿ. ಬಿಡುವ ದಿನ ಆ 1,500 ತುಂಬಾ ದೊಡ್ಡದಾಗಿ ಕಾಣುತ್ತದೆ.

ರಜೆಯಲ್ಲಿ ಊರಿಗೆ ಹೋದರೆ ಬಾಡಿಗೆ ಕೊಡಬೇಕಾ? ಇದನ್ನೂ ಬರೆಯಬೇಕಾ?

ಹೌದು, ವಿದ್ಯಾರ್ಥಿಗಳ ಪಿಜಿ ಅಂದರೆ ಇದು ಬಿಡುವ ವಿಷಯವಲ್ಲ. ಕೆಲಸಕ್ಕೆ ಹೋಗುವವರು ವರ್ಷವಿಡೀ ಇರುತ್ತಾರೆ. ವಿದ್ಯಾರ್ಥಿಗಳು ಸೆಮಿಸ್ಟರ್ ಪರೀಕ್ಷೆ ಮುಗಿದ ಮೇಲೆ ವಾರಗಟ್ಟಲೆ ಊರಿನಲ್ಲಿರುತ್ತಾರೆ. ‘ಇಲ್ಲದ ತಿಂಗಳಿಗೂ ದುಡ್ಡಾ?’ ಅಂತ ಅಪ್ಪ ಅಮ್ಮ ಕೇಳುವುದು ಸಹಜ. ಬೆಡ್ ಅವಳ ಹೆಸರಿನಲ್ಲೇ ಹಿಡಿದಿರುತ್ತದೆ, ಬೇರೆಯವರಿಗೆ ಕೊಡಲು ಆಗುವುದಿಲ್ಲ ಅನ್ನುವುದೂ ನಿಜ.

ನನಗೆ ನ್ಯಾಯ ಅನ್ನಿಸುವ ದಾರಿ ಊಟದ ಖರ್ಚನ್ನು ಮಾತ್ರ ಕಳೆಯುವುದು. ‘ಸತತ 15 ದಿನಕ್ಕಿಂತ ಹೆಚ್ಚು ಇಲ್ಲದಿದ್ದರೆ, ಮೊದಲೇ ತಿಳಿಸಿದ್ದರೆ, ದಿನಕ್ಕೆ 60 ರೂಪಾಯಿ ಕಡಿತ.’ ಇಪ್ಪತ್ತು ದಿನ ಊರಿಗೆ ಹೋದರೆ 1,200 ಕಡಿಮೆ. ‘ಮೊದಲೇ ತಿಳಿಸಿದ್ದರೆ’ ಅನ್ನುವ ಮಾತು ಬಿಡಬೇಡಿ. ಅಕ್ಕಿ, ತರಕಾರಿ ಅಳತೆ ಮಾಡುವುದು ಎಷ್ಟು ಜನ ಇದ್ದಾರೆ ಅನ್ನುವುದರ ಮೇಲೆ ತಾನೇ.

ಕರೆಂಟ್ ಬಿಲ್ಲನ್ನು ಹೇಗೆ ಹೇಳುವುದು?

‘ಕರೆಂಟ್ ಪ್ರತ್ಯೇಕ’ ಅಂದರೆ ಓದುವವರಿಗೆ ನೂರೋ ಸಾವಿರವೋ ಗೊತ್ತಾಗುವುದಿಲ್ಲ. ಹಿಂದಿನ ವರ್ಷದ ಬಿಲ್ ತೆಗೆದು ಕಡಿಮೆ ಬಂದ ತಿಂಗಳು, ಜಾಸ್ತಿ ಬಂದ ತಿಂಗಳು ನೋಡಿ. ರೂಮಿಗೊಂದು ಸಬ್‌ಮೀಟರ್ ಇದ್ದು ಮೂವರ ರೂಮಿಗೆ 360ರಿಂದ 600 ಬಂದಿದ್ದರೆ ‘ತಲೆಗೆ ಸುಮಾರು 120ರಿಂದ 200’ ಅಂತ ಬರೆಯಿರಿ. ಸಬ್‌ಮೀಟರ್ ಇಲ್ಲದೆ ಇಡೀ ಮನೆಯ ಬಿಲ್ಲನ್ನು ಹಂಚುತ್ತಿದ್ದರೆ ಅದನ್ನೂ ಹೇಳಿ. ಒಂದು ರೂಮಿನವರು ಹೀಟರ್ ಹಾಕಿ ಇನ್ನೊಂದು ರೂಮಿನವರು ದುಡ್ಡು ಕಟ್ಟುವ ಪರಿಸ್ಥಿತಿ ಬರುವುದು ಅಲ್ಲೇ.

ಬಾಡಿಗೆ ಮೇಲೆ ಜಿಎಸ್‌ಟಿ ಅಂತ ಸೇರಿಸಬೇಕಾ?

ಸಾಮಾನ್ಯ ವಿದ್ಯಾರ್ಥಿ ಪಿಜಿಗೆ ಅದು ಬರುವುದಿಲ್ಲ. 2024ರ ಜುಲೈನಿಂದ ಇರುವ ವಿನಾಯಿತಿ ಪ್ರಕಾರ ಒಬ್ಬರಿಗೆ ತಿಂಗಳಿಗೆ 20,000 ರೂಪಾಯಿವರೆಗಿನ ವಸತಿ, ಸತತವಾಗಿ ಕನಿಷ್ಠ 90 ದಿನ ಇರುವವರಿಗೆ ಕೊಟ್ಟರೆ, ಜಿಎಸ್‌ಟಿ ಇಲ್ಲ. ಇಂಟರ್ನ್‌ಶಿಪ್‌ಗೆ ಅಂತ ಒಂದು ತಿಂಗಳು, ಎರಡು ತಿಂಗಳು ಇರುವವರನ್ನು ಸೇರಿಸಿಕೊಳ್ಳುತ್ತಿದ್ದರೆ ಮಾತ್ರ ನಿಮ್ಮ ಲೆಕ್ಕ ನೋಡುವವರನ್ನು ಒಮ್ಮೆ ಕೇಳಿ.

ಊಟದ ಬಗ್ಗೆ ಏನು ಬರೆದರೆ ಉಪಯೋಗ?

ಸಮಯ. ಮೆನುಗಿಂತ ಮೊದಲು ಸಮಯ. ಎಂಟು ಗಂಟೆಗೆ ಲ್ಯಾಬ್ ಇರುವ ಹುಡುಗಿಗೆ ಎಂಟೂವರೆಗೆ ಆಗುವ ದೋಸೆ ಎಷ್ಟು ರುಚಿಯಾಗಿದ್ದರೂ ಸಿಗುವುದಿಲ್ಲ. ಅವಳು ಹೊರಗೆ ತಿಂಡಿ ತಿನ್ನುತ್ತಾಳೆ, ನಿಮಗೆ ಕೊಟ್ಟ ದುಡ್ಡೂ ಹೋಯಿತು. ಆದ್ದರಿಂದ ‘ತಿಂಡಿ 7:15ರಿಂದ 9, ರಾತ್ರಿ ಊಟ 7:45ರಿಂದ 9:30’ ಅಂತ ಖಡಾಖಂಡಿತವಾಗಿ ಬರೆಯಿರಿ. ಬರೆದ ಮೇಲೆ 7:15ಕ್ಕೆ ತಿಂಡಿ ಮೇಜಿನ ಮೇಲೆ ಇರಲೇಬೇಕು.

ಮಧ್ಯಾಹ್ನದ ಊಟದ ವಿಷಯ ಬಹಳಷ್ಟು ಕ್ಯಾಪ್ಶನ್‌ಗಳಲ್ಲಿ ಮಸುಕಾಗಿರುತ್ತದೆ. ‘ಮೂರು ಹೊತ್ತು ಊಟ’ ಅಂದರೆ ಕಾಲೇಜಿಗೆ ಹೋಗುವವರಿಗೆ ಹೇಗೆ? ಮಧ್ಯಾಹ್ನ ಮನೆಗೆ ಬಂದು ಉಣ್ಣಬೇಕಾ, ಡಬ್ಬಿಗೆ ಹಾಕಿಕೊಡುತ್ತೀರಾ? ಡಬ್ಬಿ ಅಂದರೆ ಬೆಳಿಗ್ಗೆ ಎಷ್ಟು ಗಂಟೆಗೆ ಸಿದ್ಧ? ತಿಂಡಿಯ ಚಿತ್ರಾನ್ನವನ್ನೇ ಡಬ್ಬಿಗೂ ತುಂಬುತ್ತೀರಾ, ಬೇರೆ ಚಪಾತಿ ಪಲ್ಯ ಇದೆಯಾ? ತಿಂಡಿಯನ್ನೇ ತುಂಬುವುದರಲ್ಲಿ ತಪ್ಪೇನಿಲ್ಲ, ಎಷ್ಟೋ ಮನೆಗಳಲ್ಲಿ ಮಕ್ಕಳಿಗೆ ಹಾಗೇ ಕಳಿಸುತ್ತೇವೆ. ಆದರೆ ಅದನ್ನು ಬರೆದಿರಬೇಕು.

ಮೆನುವಿನ ಬಗ್ಗೆ ಹೇಳುವುದಾದರೆ ಹಬ್ಬದೂಟದ ಫೋಟೊ ಹಾಕಬೇಡಿ. ಸಾಮಾನ್ಯ ಮಂಗಳವಾರದ ತಟ್ಟೆ ಹಾಕಿ. ಒಂದು ವಾರದ ಪಟ್ಟಿಯನ್ನು ಕಾಗದದಲ್ಲಿ ಬರೆದು ಎರಡನೇ ಫೋಟೊ ಆಗಿ ಸೇರಿಸಿದರೆ ಕ್ಯಾಪ್ಶನ್ ಉದ್ದವಾಗುವುದಿಲ್ಲ. ಮುದ್ದೆ ಮಾಡುತ್ತೀರಾದರೆ ಹೇಳಿ. ಮಂಡ್ಯ, ಹಾಸನ ಕಡೆಯ ಮಕ್ಕಳಿಗೆ ಅದು ಸಣ್ಣ ವಿಷಯವಲ್ಲ. ಉತ್ತರ ಕರ್ನಾಟಕದ ಮಕ್ಕಳು ರೊಟ್ಟಿ, ಚಪಾತಿ ವಾರಕ್ಕೆ ಎಷ್ಟು ದಿನ ಅಂತ ಕೇಳುತ್ತಾರೆ.

ಇನ್ನು ಇಲ್ಲದ್ದನ್ನು ಬರೆಯುವ ಧೈರ್ಯ ಬೇಕು. ಹಲವು ಪಿಜಿಗಳಲ್ಲಿ ಭಾನುವಾರ ರಾತ್ರಿ ಊಟ ಇರುವುದಿಲ್ಲ, ಅಡುಗೆಯವರಿಗೆ ಅದೊಂದೇ ಬಿಡುವು. ‘ಭಾನುವಾರ ರಾತ್ರಿ ಅಡುಗೆ ಇಲ್ಲ’ ಅಂತ ನೇರವಾಗಿ ಬರೆಯಿರಿ. ಓದಿದವರು ಅದಕ್ಕಾಗಿ ನಿಮ್ಮನ್ನು ಬಿಟ್ಟು ಹೋಗುವುದಿಲ್ಲ. ಸೇರಿದ ಮೊದಲ ಭಾನುವಾರ ರಾತ್ರಿ ಹಸಿದು ಕೆಳಗಿಳಿದು ಬಂದಾಗ ಗೊತ್ತಾದರೆ ಮಾತ್ರ ಬೇಜಾರಾಗುತ್ತಾರೆ.

‘ಸಸ್ಯಾಹಾರಿಗಳಿಗೆ ಮಾತ್ರ’ ಅಂತ ಬರೆಯಬಹುದಾ?

ಅಡುಗೆಮನೆಯ ನಿಯಮವನ್ನು ಬರೆಯಿರಿ, ಜನರನ್ನು ವಿಂಗಡಿಸಬೇಡಿ. ‘ನಮ್ಮ ಅಡುಗೆ ಸಸ್ಯಾಹಾರಿ. ಹೊರಗಿನಿಂದಲೂ ಮಾಂಸಾಹಾರ ಮನೆಗೆ ತರುವಂತಿಲ್ಲ’ ಅಂದರೆ ವಿಷಯ ಸ್ಪಷ್ಟ. ಒಪ್ಪುವವರು ಯಾರೇ ಆಗಲಿ ಬರುತ್ತಾರೆ. ಮೊಟ್ಟೆ ಹೌದಾ ಇಲ್ವಾ ಅನ್ನುವುದನ್ನೂ ಸೇರಿಸಿ, ಫೋನ್‌ನಲ್ಲಿ ಅದನ್ನೇ ಕೇಳುತ್ತಾರೆ. ಜಾತಿ, ಧರ್ಮ, ಊರು ಇವುಗಳನ್ನು ಕ್ಯಾಪ್ಶನ್‌ಗೆ ತರಲೇಬೇಡಿ. ಓದಲು ಬಂದ ಮಗುವಿಗೆ ತಲೆಯ ಮೇಲೆ ಸೂರು ಕೊಡುವಾಗ ಅದು ಲೆಕ್ಕಕ್ಕೇ ಬರಬಾರದು.

ಎಫ್‌ಎಸ್‌ಎಸ್‌ಎಐ ನಂಬರ್ ಹಾಕಿದರೆ ಒಳ್ಳೆಯದಾ?

ಇದ್ದರೆ ಹಾಕಿ. 14 ಅಂಕಿಯ ಆ ನಂಬರನ್ನು ಯಾರು ಬೇಕಾದರೂ ಆನ್‌ಲೈನ್‌ನಲ್ಲಿ ಪರೀಕ್ಷಿಸಿ ನೋಡಬಹುದು. ‘ಶುಚಿ ರುಚಿ’ ಅನ್ನುವ ಮಾತಿಗಿಂತ ಅದಕ್ಕೆ ತೂಕ ಜಾಸ್ತಿ.

ಕಾಲೇಜಿನ ದೂರವನ್ನು ಹೇಗೆ ಬರೆಯಬೇಕು?

‘ಎಲ್ಲ ಕಾಲೇಜುಗಳಿಗೂ ಹತ್ತಿರ’ ಅನ್ನುವ ಸಾಲನ್ನು ಅಳಿಸುವುದರಿಂದ ಶುರು ಮಾಡಿ. ಎಲ್ಲದಕ್ಕೂ ಹತ್ತಿರ ಇರುವ ಮನೆ ಯಾವ ಊರಿನಲ್ಲೂ ಇಲ್ಲ. ನಿಮ್ಮಲ್ಲಿಂದ ನಿಜಕ್ಕೂ ಹೋಗಿಬರಲು ಅನುಕೂಲವಾದ ಎರಡು ಮೂರು ಕಾಲೇಜು ಆರಿಸಿ, ಹೆಸರು ಹೇಳಿ, ಪ್ರತಿಯೊಂದಕ್ಕೂ ದೂರ ಮತ್ತು ಸಮಯ ಎರಡನ್ನೂ ಕೊಡಿ. ಹೆಸರು ಬರೆದರೆ ಇನ್ನೊಂದು ಲಾಭ ಇದೆ. ಮಕ್ಕಳು ಹುಡುಕುವುದು ಕಾಲೇಜಿನ ಹೆಸರಿನಿಂದಲೇ.

ಅಳೆಯುವುದರಲ್ಲಿ ಕೆಲವು ತಪ್ಪು ಸಾಮಾನ್ಯ. ನಕ್ಷೆಯಲ್ಲಿ ಎರಡು ಚುಕ್ಕಿ ಇಟ್ಟು ನೇರ ಗೆರೆಯ ದೂರ ನೋಡುವುದು ಒಂದು. ಬೈಕಿನ ದಾರಿಯ ಸಮಯವನ್ನು ನಡೆಯುವ ಸಮಯ ಅಂತ ಹಾಕುವುದು ಇನ್ನೊಂದು. ನಡಿಗೆಯ ದಾರಿಯನ್ನೇ ಆರಿಸಿ ನೋಡಿ, ಆಮೇಲೆ ಒಮ್ಮೆ ಕಾಲೇಜಿನ ಹೊತ್ತಿಗೆ ನೀವೇ ನಡೆದು ಬನ್ನಿ. ಬ್ಯಾಗ್ ಹೊತ್ತು ಸಾಧಾರಣ ವೇಗದಲ್ಲಿ ನಡೆದರೆ ನಿಮಿಷಕ್ಕೆ ಸುಮಾರು 80 ಮೀಟರ್. ಅಂದರೆ ಒಂದು ಕಿಲೋಮೀಟರಿಗೆ ಹನ್ನೆರಡು ಹದಿಮೂರು ನಿಮಿಷ. ದೊಡ್ಡ ರಸ್ತೆ ದಾಟುವುದಿದ್ದರೆ ಎರಡು ಮೂರು ನಿಮಿಷ ಸೇರಿಸಿ. ‘1.6 ಕಿಲೋಮೀಟರ್, ನಡೆದರೆ 10 ನಿಮಿಷ’ ಅಂತ ಬರೆದಿದ್ದು ಕಂಡರೆ ಯಾರೂ ನಡೆದು ನೋಡಿಲ್ಲ ಅಂತಲೇ ಅರ್ಥ.

ದೂರವನ್ನು ಎಲ್ಲಿಯವರೆಗೆ ಅಳೆದಿರಿ ಅನ್ನುವುದೂ ಬೇಕು. ಮಾನಸಗಂಗೋತ್ರಿಯನ್ನೇ ತೆಗೆದುಕೊಳ್ಳಿ. ಆ ಕ್ಯಾಂಪಸ್ 700 ಎಕರೆಗೂ ದೊಡ್ಡದು. ಗೇಟಿಗೆ ಬಂದರೆ ತರಗತಿಗೆ ಬಂದ ಹಾಗಲ್ಲ, ವಿಭಾಗ ಯಾವುದು ಅನ್ನುವುದರ ಮೇಲೆ ಒಳಗೇ ಇನ್ನೂ ಬಹಳ ನಡೆಯಬೇಕಾಗಬಹುದು. ‘ಮಾನಸಗಂಗೋತ್ರಿ ಗೇಟಿನವರೆಗೆ 1.9 ಕಿಲೋಮೀಟರ್’ ಅಂತ ಬರೆದರೆ ಮಾತು ನಿಖರ. ಜೆಎಸ್‌ಎಸ್ ಮಹಿಳಾ ಕಾಲೇಜು ಸರಸ್ವತಿಪುರಂನಲ್ಲೇ ಇದೆ. ನಮ್ಮ ಮನೆಯಿಂದ 700 ಮೀಟರ್ ಅಂದರೆ ಒಂಬತ್ತು ನಿಮಿಷದ ನಡಿಗೆ. ಕ್ಯಾಪ್ಶನ್‌ನಲ್ಲಿ ಅದೇ ಮೊದಲು ಬರಲಿ.

ಬಸ್ಸಿನಲ್ಲಿ ಹೋಗಬೇಕಾದ ಕಾಲೇಜಾದರೆ ಬಸ್ಸಿನೊಳಗೆ ಕೂತಿರುವ ಸಮಯ ಮಾತ್ರ ಹೇಳಬೇಡಿ. ಸ್ಟಾಪಿಗೆ 5 ನಿಮಿಷ ನಡಿಗೆ, ಕಾಯುವುದು 10, ಬಸ್ಸಿನಲ್ಲಿ 15, ಇಳಿದ ಮೇಲೆ 5. ಎಲ್ಲ ಕೂಡಿ 35 ನಿಮಿಷ. ‘ಬಸ್ಸಿನಲ್ಲಿ 15 ನಿಮಿಷ’ ಅಂತ ನಂಬಿ ಬಂದವಳಿಗೆ ಮೊದಲ ವಾರವೇ ಹಾಜರಿ ಹೋಗುತ್ತದೆ. ಸ್ಟಾಪಿನ ಹೆಸರು ಬರೆಯಿರಿ. ಹೆಣ್ಣುಮಕ್ಕಳ ಪಿಜಿಯಾದರೆ ಸಾಮಾನ್ಯ ಸರ್ಕಾರಿ ಬಸ್ ಸಿಗುತ್ತದೆ ಅನ್ನುವುದು ಹೇಳಬೇಕಾದ ವಿಷಯ. 2023ರ ಜೂನ್‌ನಲ್ಲಿ ಶುರುವಾದ ಶಕ್ತಿ ಯೋಜನೆಯಲ್ಲಿ ಕರ್ನಾಟಕದ ಹೆಣ್ಣುಮಕ್ಕಳಿಗೆ ಅದರಲ್ಲಿ ಟಿಕೆಟ್ ದುಡ್ಡಿಲ್ಲ. ಕೇರಳದಿಂದಲೋ ಆಂಧ್ರದಿಂದಲೋ ಬಂದು ಓದುವವರಿಗೆ ಅದು ಅನ್ವಯಿಸುವುದಿಲ್ಲ, ಹಾಗಾಗಿ ‘ಪ್ರಯಾಣ ಉಚಿತ’ ಅಂತ ಎಲ್ಲರಿಗೂ ಹೇಳುವ ಹಾಗೆ ಬರೆಯಬೇಡಿ.

ಸಂಜೆ ವಾಪಸ್ ಬರುವ ದಾರಿಯಲ್ಲಿ ಬೀದಿದೀಪ ಇದೆಯಾ, ಅಂಗಡಿ ತೆರೆದಿರುತ್ತಾ ಅಂತ ತಾಯಂದಿರು ಕೇಳುತ್ತಾರೆ. ಒಂದು ಸಂಜೆ ಏಳೂವರೆಗೆ ಆ ದಾರಿಯಲ್ಲಿ ನಡೆದು ನೋಡಿ. ಚೆನ್ನಾಗಿದ್ದರೆ ಅದಕ್ಕೊಂದು ಸಾಲು ಕೊಡಿ.

ಮನೆ ನಿಯಮ ಎಲ್ಲ ಬರೆದರೆ ಜನ ಹೆದರಿ ಬರುವುದೇ ಇಲ್ಲ ಅಲ್ವಾ?

ಹೆದರಿಸುವುದು ನಿಯಮ ಅಲ್ಲ, ಬರೆಯುವ ದನಿ. ‘ತಡವಾಗಿ ಬರುವಂತಿಲ್ಲ. ಗೆಳತಿಯರನ್ನು ಕರೆತರುವಂತಿಲ್ಲ. ಗಲಾಟೆ ಮಾಡುವಂತಿಲ್ಲ. ಉಲ್ಲಂಘಿಸಿದರೆ ಹೊರಹಾಕಲಾಗುವುದು.’ ಇದನ್ನು ಓದಿದವಳಿಗೆ ತಾನು ಏನೋ ತಪ್ಪು ಮಾಡಿದ ಹಾಗೆ ಅನ್ನಿಸುತ್ತದೆ. ಅದೇ ನಿಯಮಗಳನ್ನು ಸಮಯ, ವಿನಾಯಿತಿ ಜೊತೆ ಹೇಳಿದರೆ ಮನೆಯವರು ಮಾತಾಡಿದ ಹಾಗಿರುತ್ತದೆ.

ಗೇಟಿನ ಸಮಯ ನೋಡಿ. ‘ಗೇಟ್ ರಾತ್ರಿ 9:30ಕ್ಕೆ. ಲೈಬ್ರರಿ, ಪ್ರಾಜೆಕ್ಟ್ ಇದ್ದರೆ 9ರೊಳಗೆ ಮೆಸೇಜ್ ಮಾಡಿ, 10:30ರವರೆಗೆ ತೆರೆದುಕೊಡುತ್ತೇವೆ.’ ಊರಿನಿಂದ ರಾತ್ರಿ ರೈಲಿನಲ್ಲಿ ಬರುವವರಿಗೆ ಏನು? ಬೆಳಗಿನ ಜಾವ ಐದಕ್ಕೆ ಬಂದು ಗೇಟಿನ ಮುಂದೆ ಸೂಟ್‌ಕೇಸ್ ಇಟ್ಟುಕೊಂಡು ನಿಲ್ಲಬೇಕಾ? ‘ಮೊದಲೇ ಹೇಳಿದರೆ ಯಾವ ಹೊತ್ತಿಗೂ ತೆರೆಯುತ್ತೇವೆ’ ಅನ್ನಲು ಸಾಧ್ಯವಾದರೆ ಬರೆಯಿರಿ. ದೂರದ ಊರಿನ ಅಪ್ಪ ಅಮ್ಮನಿಗೆ ನಿಮ್ಮ ಮೇಲೆ ನಂಬಿಕೆ ಹುಟ್ಟುವುದು ಇಂಥ ಸಾಲಿನಿಂದಲೇ.

ಅತಿಥಿಗಳ ವಿಷಯವೂ ಹಾಗೆಯೇ. ಗೆಳತಿಯರು ಹಾಲ್‌ನಲ್ಲಿ ಸಂಜೆ ಏಳರವರೆಗೆ ಕೂರಬಹುದು. ಅಮ್ಮ, ಅಕ್ಕ ತಂಗಿ ಬಂದರೆ ಒಂದು ರಾತ್ರಿ ಉಳಿಯಬಹುದು, ಊಟ ಸೇರಿ 150 ರೂಪಾಯಿ. ಅಪ್ಪ, ಅಣ್ಣ ಬಂದರೆ ಕೆಳಗಿನ ಮನೆಯವರೆಗೆ. ಎಲ್ಲ ಒಂದೊಂದು ಸಾಲು.

ಕ್ಯಾಪ್ಶನ್‌ಗೆ ತರಬೇಕಾದ್ದು ಸೇರುವ ಮೊದಲೇ ಗೊತ್ತಿರಬೇಕಾದ ನಿಯಮಗಳು ಮಾತ್ರ. ಗೇಟು, ಅತಿಥಿ, ಮಾಂಸಾಹಾರ, ರೂಮಿನಲ್ಲಿ ಇಂಡಕ್ಷನ್ ಒಲೆ ಬಳಸಬಹುದಾ, ಸ್ಕೂಟಿ ನಿಲ್ಲಿಸಲು ಜಾಗ ಇದೆಯಾ, ವಾಷಿಂಗ್ ಮಷೀನ್ ವಾರಕ್ಕೆ ಎಷ್ಟು ಸಲ. ಬಾತ್‌ರೂಮಿನಲ್ಲಿ ಕೂದಲು ತೆಗೆಯಿರಿ, ಫ್ಯಾನ್ ಆರಿಸಿ ಹೋಗಿ ಅನ್ನುವುದನ್ನೆಲ್ಲ ಒಳಗೆ ಗೋಡೆಗೆ ಅಂಟಿಸಿ ಸಾಕು.

ಇನ್ನೊಂದು ಮಾತು. ನೀವು ಪಾಲಿಸದ ನಿಯಮ ಬರೆಯಬೇಡಿ. 9:30 ಅಂತ ಬರೆದು ಹನ್ನೊಂದಕ್ಕೆ ಬಂದವರಿಗೂ ಸುಮ್ನೆ ತೆರೆಯುತ್ತಿದ್ದರೆ, ಒಂದು ದಿನ ಬೇರೆ ಹುಡುಗಿಗೆ ಅದೇ ನಿಯಮ ಹೇಳಿದಾಗ ಅವಳಿಗೆ ಅನ್ಯಾಯ ಅನ್ನಿಸುತ್ತದೆ, ಸರಿಯಾಗಿಯೇ.

ಬೆಂಗಳೂರಿನಲ್ಲಿದ್ದರೆ ಬೇರೆ ಏನಾದರೂ ಸೇರಿಸಬೇಕಾ?

ಬೆಂಗಳೂರಿನಲ್ಲಿ ಪಾಲಿಕೆ 2024ರಲ್ಲಿ ಪಿಜಿಗಳಿಗೆ ಮಾರ್ಗಸೂಚಿ ಹೊರಡಿಸಿತು. ಒಬ್ಬರಿಗೆ ಕನಿಷ್ಠ 70 ಚದರ ಅಡಿ ಜಾಗ, ದಿನಕ್ಕೆ 135 ಲೀಟರ್ ನೀರು, ಸಿಸಿಟಿವಿ, ಇವು ಅದರಲ್ಲಿವೆ. ರೂಮಿನ ಅಳತೆ ಕ್ಯಾಪ್ಶನ್‌ನಲ್ಲಿ ಕೊಡಲು ಇದು ಒಳ್ಳೆಯ ಕಾರಣ. 12 ಅಡಿಗೆ 18 ಅಡಿ ರೂಮು ಅಂದರೆ 216 ಚದರ ಅಡಿ, ಮೂವರಿಗೆ ತಲೆಗೆ 72. ಇದೇ ರೂಮಿಗೆ ನಾಲ್ಕನೇ ಮಂಚ ಹಾಕಿದರೆ ತಲೆಗೆ 54ಕ್ಕೆ ಇಳಿಯಿತು. ಬೇರೆ ಊರಿನವರೂ ಈ ಲೆಕ್ಕ ಹಾಕಿ ನೋಡಿದರೆ ಒಳ್ಳೆಯದು, ಮಕ್ಕಳು ಅಲ್ಲೇ ಓದಬೇಕು ತಾನೇ.

ವಿಳಾಸ, ಫೋನ್ ನಂಬರ್ ಪೂರ್ತಿ ಹಾಕಬೇಕಾ?

ಹೆಣ್ಣುಮಕ್ಕಳ ಪಿಜಿಗೆ ಮನೆ ನಂಬರ್ ಹಾಕಬೇಡಿ. ಬಡಾವಣೆ, ಹತ್ತಿರದ ಗುರುತು ಸಾಕು. ಫೋನ್‌ನಲ್ಲಿ ಮಾತಾಡಿದ ಮೇಲೆ ಲೊಕೇಶನ್ ಕಳಿಸಿ. ಕರೆ ಮಾಡುವ ಸಮಯ ಬರೆದರೆ ರಾತ್ರಿ ಹನ್ನೊಂದಕ್ಕೆ ಬರುವ ಕರೆಗಳು ಕಡಿಮೆಯಾಗುತ್ತವೆ.

‘ಮನೆ ನೋಡಿದ ಮೇಲೆ ಮಾತ್ರ ಅಡ್ವಾನ್ಸ್ ತೆಗೆದುಕೊಳ್ಳುತ್ತೇವೆ’ ಅಂತ ಒಂದು ಸಾಲು ತಪ್ಪದೆ ಇರಲಿ. ಬೇರೆಯವರ ಪಿಜಿ ಫೋಟೊ ಕದ್ದು, ‘ಒಂದೇ ಬೆಡ್ ಉಳಿದಿದೆ, ಈಗಲೇ ಎರಡು ಸಾವಿರ ಕಳಿಸಿ’ ಅಂತ ಹಣ ಕೀಳುವವರಿದ್ದಾರೆ. ನಿಮ್ಮ ಫೋಟೊ ಹಾಗೆ ಬಳಕೆಯಾದರೂ ನಿಮ್ಮ ಸಾಲು ಓದಿದ ಯಾರೋ ಒಬ್ಬರು ಎಚ್ಚರವಾಗುತ್ತಾರೆ.

ಕನ್ನಡದಲ್ಲಿ ಬರೆದರೆ ಸಾಕಾ?

ಕನ್ನಡ ಮೊದಲು, ಕೆಳಗೆ ಇಂಗ್ಲಿಷಿನಲ್ಲಿ ಅದೇ ವಿವರ. ದುಡ್ಡು ಕೊಡುವ ಅಪ್ಪ ಅಮ್ಮ ಕನ್ನಡದ್ದು ಓದುತ್ತಾರೆ, ಹೊರರಾಜ್ಯದವರು ಇನ್ನೊಂದನ್ನು. ಎರಡರಲ್ಲೂ ಮೊತ್ತ ಒಂದೇ ಇದೆಯಾ ಅಂತ ಮಾತ್ರ ನೋಡಿಕೊಳ್ಳಿ. ಬಾಡಿಗೆ ಏರಿಸಿದಾಗ ಒಂದು ಕಡೆ ತಿದ್ದಿ ಇನ್ನೊಂದು ಕಡೆ ಹಳೆಯದು ಉಳಿಯುವುದು ಸಾಮಾನ್ಯ.

ಎಲ್ಲ ಸೇರಿ ಪೂರ್ತಿ ಕ್ಯಾಪ್ಶನ್ ಹೇಗಿರುತ್ತದೆ?

ಊಹೆಯ ಮನೆಯದ್ದು ಹೀಗೆ:

‘ವಿದ್ಯಾರ್ಥಿನಿಯರಿಗೆ ಪಿಜಿ, ಸರಸ್ವತಿಪುರಂ, ಮೈಸೂರು. ಮೂವರ ರೂಮು 6,200, ಇಬ್ಬರ ರೂಮು 7,400, ಊಟ ಮತ್ತು ವೈಫೈ ಸೇರಿ.

ಕರೆಂಟ್ ರೂಮಿನ ಸಬ್‌ಮೀಟರ್ ಪ್ರಕಾರ, ತಲೆಗೆ ಸುಮಾರು 120ರಿಂದ 200. ಅಡ್ವಾನ್ಸ್ 10,000. 30 ದಿನ ಮುಂಚೆ ಹೇಳಿ ಬಿಟ್ಟರೆ 1,500 ಕಳೆದು ಉಳಿದದ್ದು ಬಿಡುವ ದಿನವೇ ವಾಪಸ್. ತಿಂಗಳ ಮಧ್ಯೆ ಸೇರಿದರೆ ಉಳಿದ ದಿನಗಳಿಗೆ ಮಾತ್ರ ಬಾಡಿಗೆ. 15 ದಿನಕ್ಕಿಂತ ಹೆಚ್ಚು ರಜೆಗೆ ಹೋದರೆ, ಮೊದಲೇ ತಿಳಿಸಿದ್ದರೆ, ದಿನಕ್ಕೆ 60 ಕಡಿತ.

ತಿಂಡಿ 7:15ರಿಂದ 9. ಮಧ್ಯಾಹ್ನಕ್ಕೆ ಡಬ್ಬಿ 7:45ಕ್ಕೆ ಸಿದ್ಧ. ರಾತ್ರಿ ಊಟ 7:45ರಿಂದ 9:30. ವಾರದ ಮೆನು ಎರಡನೇ ಫೋಟೊದಲ್ಲಿ. ಸಸ್ಯಾಹಾರಿ ಅಡುಗೆ, ಮೊಟ್ಟೆ ಇಲ್ಲ, ಹೊರಗಿನಿಂದಲೂ ಮಾಂಸಾಹಾರ ತರುವಂತಿಲ್ಲ. ಭಾನುವಾರ ರಾತ್ರಿ ಅಡುಗೆ ಇಲ್ಲ.

ಜೆಎಸ್‌ಎಸ್ ಮಹಿಳಾ ಕಾಲೇಜು 700 ಮೀಟರ್, ನಡೆದು 9 ನಿಮಿಷ. ಮಾನಸಗಂಗೋತ್ರಿ ಗೇಟಿನವರೆಗೆ 1.9 ಕಿಲೋಮೀಟರ್, ನಡೆದು 25 ನಿಮಿಷ.

ಗೇಟ್ ರಾತ್ರಿ 9:30. ಲೈಬ್ರರಿ ಇದ್ದರೆ 9ರೊಳಗೆ ಮೆಸೇಜ್ ಮಾಡಿ, 10:30ರವರೆಗೆ ತೆರೆಯುತ್ತೇವೆ. ಅಮ್ಮ, ಅಕ್ಕ ತಂಗಿ ಒಂದು ರಾತ್ರಿ ಉಳಿಯಬಹುದು, 150. ರೂಮಿನಲ್ಲಿ ಇಂಡಕ್ಷನ್ ಬೇಡ. ವಾಷಿಂಗ್ ಮಷೀನ್ ವಾರಕ್ಕೆ ಎರಡು ಸಲ. ಸ್ಕೂಟಿಗೆ ಜಾಗ ಇದೆ.

ನಾವು ಕೆಳಗಿನ ಮನೆಯಲ್ಲೇ ಇರುತ್ತೇವೆ. ಮನೆ ನೋಡಿದ ಮೇಲೆ ಮಾತ್ರ ಅಡ್ವಾನ್ಸ್. ಬೆಳಿಗ್ಗೆ 10ರಿಂದ ರಾತ್ರಿ 8ರೊಳಗೆ ಕರೆ ಮಾಡಿ. ಆಗಸ್ಟ್ 10ಕ್ಕೆ ಖಾಲಿ ಇರುವುದು: ಮೂವರ ರೂಮಿನಲ್ಲಿ 2, ಇಬ್ಬರ ರೂಮಿನಲ್ಲಿ 1.’

ಉದ್ದ ಅನ್ನಿಸಬಹುದು. ಆದರೆ ಮಗಳನ್ನು ಮೊದಲ ಸಲ ಹೊರಗೆ ಕಳಿಸುತ್ತಿರುವವರು ಇದನ್ನು ಎರಡು ಸಲ ಓದುತ್ತಾರೆ.

ಬೆಡ್ ಎಲ್ಲ ತುಂಬಿದ ಮೇಲೆ ಕ್ಯಾಪ್ಶನ್ ಅಳಿಸಬೇಕಾ?

ಅಳಿಸಬೇಡಿ, ಕೊನೆಯ ಸಾಲು ತಿದ್ದಿ. ‘ಸದ್ಯ ಖಾಲಿ ಇಲ್ಲ’ ಅಂತ ಬರೆದು ತಾರೀಖು ಹಾಕಿ. ಯಾರಾದರೂ ನೋಟಿಸ್ ಕೊಟ್ಟಿದ್ದರೆ ಆ ಬೆಡ್ ಯಾವ ತಾರೀಖಿಗೆ ಖಾಲಿಯಾಗುತ್ತದೆ ಅಂತ ಸೇರಿಸಿ. ಪ್ರವೇಶದ ದಿನಗಳಲ್ಲಿ ಆ ಸಾಲನ್ನು ವಾರಕ್ಕೊಮ್ಮೆಯಾದರೂ ನೋಡಿ ತಿದ್ದಬೇಕು. ಖಾಲಿ ಇದೆ ಅಂತ ನಂಬಿ ಮೂರು ನಾಲ್ಕು ಗಂಟೆ ಬಸ್ಸಿನಲ್ಲಿ ಬಂದವರಿಗೆ ‘ನಿನ್ನೆ ತುಂಬಿತು’ ಅಂತ ಹೇಳುವ ಹಾಗೆ ಆಗಬಾರದು.